ಭಾವನಿಗೆ ಹೇಳಿದ ‘ಬೇಡ’: ಒಬ್ಬ ಯುವ ದರ್ಜಿಯ ಪ್ರಕರಣ

ಸೋಮವಾರಪೇಟೆ ಕಡೆಯ ಇಪ್ಪತ್ತಾರು ವರ್ಷದ ದರ್ಜಿಯೊಬ್ಬರು ಆಪ್ತಸಲಹೆಗೆ ಬಂದಿದ್ದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅಕ್ಕನ ಗಂಡ ತಂದ ಹಣದ ಯೋಜನೆಯೊಂದನ್ನು ಅವರು ಆಗಲೇ ನಿರಾಕರಿಸಿಯಾಗಿತ್ತು. ಅವರನ್ನು ಕಾಡುತ್ತಿದ್ದುದು ಆ ನಿರಾಕರಣೆಯಿಂದ ಮನೆಯಲ್ಲಿ ಎದ್ದ ಮುನಿಸು. “ಭಾವ ಮೂರು ತಿಂಗಳಿಂದ ಹಣ ತಗೊಳ್ತಾ ಇದ್ದಾರೆ, ನೀನೊಬ್ಬನೇ ಬುದ್ಧಿವಂತನಾ ಅಂತ ಅಮ್ಮ ಕೇಳ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ,” ಎಂದರು.

ಒಂದು ಲಕ್ಷ ರೂಪಾಯಿ ಕೊಟ್ಟರೆ ತಿಂಗಳಿಗೆ ಶೇ. 8ರಂತೆ 8,000 ರೂಪಾಯಿ, ವರ್ಷದ ಕೊನೆಗೆ ಅಸಲು ವಾಪಸು, ಹೊಸಬರನ್ನು ಸೇರಿಸಿದವರಿಗೆ ಕಮಿಷನ್: ಇದಿಷ್ಟು ಆ ಯೋಜನೆ. ಓವರ್‌ಲಾಕ್ ಮೆಷಿನ್ ಕೊಳ್ಳಲೆಂದು ದರ್ಜಿ ಕೂಡಿಟ್ಟಿದ್ದ 60,000 ರೂಪಾಯಿಗೆ ತಾಯಿಯ ಒಡವೆ ಅಡವಿಟ್ಟು 40,000 ಸೇರಿಸು ಎಂಬುದು ಭಾವನ ಒತ್ತಾಯ. ಸಾಲ ಮಾಡಿ ಹಾಕು ಎನ್ನುವ ಮಾತು ಬಂದಾಗಲೇ ತಮಗೆ ಅನುಮಾನ ಹುಟ್ಟಿತು ಎಂದು ಅವರು ಹೇಳಿದ್ದು ನನಗೆ ಮೆಚ್ಚುಗೆಯಾಯಿತು.

ತಾಯಿಯ ಪ್ರಶ್ನೆಗೆ ಉತ್ತರ ಲೆಕ್ಕದಲ್ಲೇ ಇತ್ತು. ಭಾವನಿಗೆ ಮೂರು ತಿಂಗಳಲ್ಲಿ ಬಂದದ್ದು 24,000. ಇನ್ನೂ ಆತನ 76,000 ರೂಪಾಯಿ ಯೋಜನೆ ನಡೆಸುವವರ ಕೈಯಲ್ಲೇ ಇದೆ. ಒಂದು ರೂಪಾಯಿಯ ವ್ಯಾಪಾರ ಮಾಡದಿದ್ದರೂ, ಜನ ಕೊಟ್ಟ ಹಣದಿಂದಲೇ ಹನ್ನೆರಡು ತಿಂಗಳು ಹೀಗೆ ಹಂಚಬಹುದು. ಅದರ ನಂತರ ಉಳಿಯುವುದು 4,000 ಮಾತ್ರ, ಅಸಲು ಹಿಂದಿರುಗಿಸಬೇಕಾದ ದಿನ ಬರುವುದೂ ಆಗಲೇ. ಹೊಸಬರು ಸೇರುತ್ತಿರುವವರೆಗೆ ಈ ಕೊರತೆ ಕಾಣುವುದಿಲ್ಲ, ಕಮಿಷನ್ ಇಟ್ಟಿರುವುದೂ ಅದಕ್ಕೇ. ಆದ್ದರಿಂದ ಭಾವ ಸುಳ್ಳು ಹೇಳುತ್ತಿದ್ದಾರೆ ಎಂದು ವಾದಿಸುವ ಅಗತ್ಯವಿಲ್ಲ ಎಂದೆ. ಹಣ ಬಂದಿರುವುದು ನಿಜ, ಆದರೆ ಯೋಜನೆ ಗಟ್ಟಿ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಸಂಬಂಧ ಕೆಡದಂತೆ ಹೇಳುವುದು ಹೇಗೆ ಎಂಬುದರ ಮೇಲೆಯೇ ಹೆಚ್ಚು ಹೊತ್ತು ಮಾತಾಡಿದೆವು. “ಈಗ ದುಡ್ಡಿಲ್ಲ” ಎಂಬ ನೆಪ ಬೇಡ, ಮದುವೆ ಸೀಸನ್ ಮುಗಿದೊಡನೆ ಅದೇ ಪ್ರಶ್ನೆ ಮತ್ತೆ ಬರುತ್ತದೆ ಎಂದು ಎಚ್ಚರಿಸಿದೆ. ಕೊನೆಗೆ ಅವರೇ ಆರಿಸಿಕೊಂಡ ಮಾತು ಇದು: “ಭಾವ, ನಿಮ್ಮ ಮೇಲೆ ನನಗೆ ಅನುಮಾನವಿಲ್ಲ. ಅಮ್ಮನ ಒಡವೆ ಅಡವಿಡೋದಿಲ್ಲ, ಮೆಷಿನ್ ದುಡ್ಡನ್ನೂ ಬೇರೆ ಕಡೆ ಹಾಕೋದಿಲ್ಲ.” ಅದನ್ನು ಅಕ್ಕನ ಎದುರಲ್ಲೇ, ಒಂದೇ ಸಲ ಹೇಳಿ, ಚರ್ಚೆಗೆ ಇಳಿಯಬಾರದೆಂದು ಸೂಚಿಸಿದೆ.

ಉಳಿತಾಯದ ವಿಷಯದಲ್ಲಿ ಅವರ ಕಸುಬಿನ ಸ್ವರೂಪವನ್ನು ಗಮನಿಸಬೇಕಾಯಿತು. ಏಪ್ರಿಲ್–ಮೇ ತಿಂಗಳ ಮದುವೆಗಳಿಗೆ ರವಿಕೆ, ಶಾಲೆ ತೆರೆಯುವಾಗ ಸಮವಸ್ತ್ರ, ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ಹೊತ್ತಿಗೆ ಹೊಸ ಬಟ್ಟೆ ಎಂದು ಕೆಲಸ ತುಂಬಿರುತ್ತದೆ. ಮಳೆ ಬಲವಾಗಿ, ಶುಭಕಾರ್ಯಗಳಿಲ್ಲದ ಕಕ್ಕಡ ಮಾಸ ಬಂತೆಂದರೆ ಅಂಗಡಿ ತೆರೆದಿದ್ದರೂ ಗಲ್ಲಾಪೆಟ್ಟಿಗೆ ಖಾಲಿ. ಅವರು ಅಂಚೆ ಕಚೇರಿಯಲ್ಲಿ ಐದು ವರ್ಷದ ಆರ್‌ಡಿಗೆ ತಿಂಗಳಿಗೆ 3,000 ಕಟ್ಟುವ ಉತ್ಸಾಹದಲ್ಲಿದ್ದರು. ಕಂತನ್ನು ಮೇ ತಿಂಗಳ ದುಡಿಮೆ ನೋಡಿ ನಿರ್ಧರಿಸಿದರೆ ಆಗಸ್ಟ್‌ನಲ್ಲಿ ತಪ್ಪುತ್ತದೆ. ತಪ್ಪಿದ ಪ್ರತಿ ಕಂತಿಗೆ ನೂರಕ್ಕೆ ಒಂದು ರೂಪಾಯಿ ದಂಡವಿದೆ, ನಾಲ್ಕು ಕಂತು ಬಾಕಿಯಾದರೆ ಖಾತೆಯೇ ನಿಲ್ಲುತ್ತದೆ. ಆದ್ದರಿಂದ ಕಕ್ಕಡದಲ್ಲೂ ಕೈಗೆಟಕುವ 1,000ಕ್ಕೆ ಇಳಿಸಿದೆವು. ಮೇ ಕೊನೆಗೆ ಆರು ಕಂತುಗಳನ್ನು ಮುಂಗಡವಾಗಿ ಕಟ್ಟಿದರೆ ಮಳೆಗಾಲದ ಚಿಂತೆ ಇಲ್ಲ, ಅದಕ್ಕೆ ಸ್ವಲ್ಪ ರಿಯಾಯಿತಿಯೂ ಸಿಗುತ್ತದೆ. ಶೇ. 6.7ರ ದರದಲ್ಲಿ ಐದು ವರ್ಷಕ್ಕೆ ಕಟ್ಟುವ 60,000 ರೂಪಾಯಿ ಸುಮಾರು 71,000 ಆಗುತ್ತದೆ. ಭಾವನ ಲೆಕ್ಕದ ಮುಂದೆ ಇದು ಸಪ್ಪೆ, ನಿಜ. ಮೂರು ವರ್ಷದ ಮೊದಲು ಖಾತೆ ಮುಚ್ಚಲು ಬರುವುದಿಲ್ಲವಾದ್ದರಿಂದ ಮೆಷಿನ್ ಹಣವನ್ನು ಅದರಲ್ಲಿ ಹಾಕದೆ, ಬ್ಯಾಂಕಿನ ಉಳಿತಾಯ ಖಾತೆಯಲ್ಲಿಯೇ ಇಟ್ಟು ಮೊದಲು ಮೆಷಿನ್ ಕೊಳ್ಳಲು ಹೇಳಿದೆ. ಓವರ್‌ಲಾಕ್ ಕೆಲಸವನ್ನು ಹೊರಗೆ ಕೊಟ್ಟು ತೆರುತ್ತಿದ್ದ ಹಣ ಉಳಿಯುವುದೇ ಅವರಿಗೆ ದೊಡ್ಡ ಲಾಭ. ಆರ್‌ಡಿ ಇರುವುದನ್ನು ಯಾರಿಗೂ ಹೇಳಬೇಕಾಗಿಲ್ಲ ಎಂದಾಗ ಅವರು ಮೊದಲ ಬಾರಿಗೆ ನಕ್ಕರು.

ವರ್ಷದ ನಂತರ ಬಂದಾಗ ಮೆಷಿನ್ ಅಂಗಡಿಯಲ್ಲಿತ್ತು, ಕಂತು ಒಂದೂ ತಪ್ಪಿರಲಿಲ್ಲ. ಭಾವನಿಗೆ ಬರುತ್ತಿದ್ದ ಹಣ ಮಾತ್ರ ಎರಡು ತಿಂಗಳಿಂದ ನಿಂತಿತ್ತು. “ಸರ್ವರ್ ಸಮಸ್ಯೆ” ಎಂಬ ಉತ್ತರ ಬರುತ್ತಿತ್ತಂತೆ. ಕಾಯುತ್ತ ಕೂರದೆ ರಸೀದಿ, ಬ್ಯಾಂಕ್ ವಿವರ, ವಾಟ್ಸಾಪ್ ಸಂದೇಶಗಳನ್ನು ಜೋಡಿಸಿಕೊಂಡು ಪೊಲೀಸ್ ಠಾಣೆಯಲ್ಲಿ ಹಾಗೂ ರಿಸರ್ವ್ ಬ್ಯಾಂಕಿನ ‘ಸಚೇತ್’ ತಾಣದಲ್ಲಿ ದೂರು ಕೊಡುವಂತೆ ಅಕ್ಕನಿಗೆ ತಿಳಿಸಲು ಹೇಳಿದೆ. 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯಡಿ, ಸುಳ್ಳೆಂದು ತಿಳಿದೂ ಆಸೆ ತೋರಿಸಿ ಇತರರನ್ನು ಇಂಥ ಯೋಜನೆಗೆ ಸೇರಿಸುವುದೂ ಅಪರಾಧ. ಹೀಗಾಗಿ ಭಾವ ಇನ್ನು ಒಬ್ಬರನ್ನೂ ಸೇರಿಸಬಾರದು, ಪಡೆದ ಕಮಿಷನ್ನಿನ ಲೆಕ್ಕವನ್ನು ಮುಚ್ಚಿಡದೆ ವಕೀಲರೊಬ್ಬರನ್ನು ಮೊದಲು ಕಾಣಬೇಕು ಎಂದೂ ಸೇರಿಸಿದೆ.