‘ಯಾಕೆ ಬರಲಿಲ್ಲ?’ ಅನ್ನೋದರಲ್ಲಿ ನೀನೂ ಇಲ್ಲ, ನೀವೂ ಇಲ್ಲ

ಪ್ರಶ್ನೆ: ಹಿರಿಯರಿಗೆ ಮೆಸೇಜ್ ಮಾಡುವಾಗ ನೀವು, ಬನ್ನಿ, ಕಳಿಸಿ ಅಂತ ಬಹುವಚನವನ್ನೇ ಹಾಕ್ತೀನಿ. ಆದ್ರೂ ಕೆಲವು ಸಲ ‘ಗೆಳೆಯರಿಗೆ ಬರೆದ ಹಾಗೆ ಬರೀತೀಯ’ ಅಂತ ಮನೆಯಲ್ಲಿ ಬೈಸ್ಕೊಳ್ತೀನಿ. ಎಲ್ಲಿ ತಪ್ತಾ ಇದೆ?

ನನಗೂ ಇದೇ ಆಗಿತ್ತು, ಅದಕ್ಕೇ ಬರೀತಿದ್ದೇನೆ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ, ಆಗ ಘಟ್ಟದ ಕೆಳಗಿನ ನೆಂಟರೆಲ್ಲ ಮನೆಗೆ ಬರುತ್ತಾರೆ. ಒಂದು ಸಲ ಕುಮಟಾದಲ್ಲಿರುವ ನಮ್ಮ ಮಾವ, ಅಂದರೆ ಅಮ್ಮನ ಅಣ್ಣ, ಬರುತ್ತೇನೆ ಅಂದವರು ಬರಲಿಲ್ಲ. ರಾತ್ರಿ ನಾನು ಅವರಿಗೆ ಹೀಗೆ ಕಳಿಸಿದೆ:

“ಯಾಕೆ ಬರಲಿಲ್ಲ? ಬಸ್ ಸಿಗಲಿಲ್ವಾ? ನಾಳೆ ಬರೋದಾ?”

ನನ್ನ ಮನಸ್ಸಿನಲ್ಲಿ ಇದ್ದದ್ದು ಬೇಜಾರು, ಪ್ರೀತಿ. ಮಾವ ಓದಿಕೊಂಡದ್ದು ಜೋರು. ಮರುದಿನ ಅಮ್ಮನಿಗೆ ಫೋನ್ ಮಾಡಿ “ಹುಡುಗ ಬೈದಿದ್ದಾನೆ” ಅಂದರಂತೆ. ನಾನು ಮೆಸೇಜನ್ನು ಮತ್ತೆ ಮತ್ತೆ ಓದಿದೆ. ಒಂದೇ ಒಂದು ಏಕವಚನ ಸಿಗಲಿಲ್ಲ. ಆಮೇಲೆ ತಿಳಿಯಿತು, ಬಹುವಚನವೂ ಒಂದೂ ಇರಲಿಲ್ಲ.

ನಿಮ್ಮ ತೊಂದರೆಯೂ ಇಲ್ಲೇ ಇರಬೇಕು ಅಂತ ನನಗೆ ಅನ್ನಿಸುತ್ತದೆ. ಕನ್ನಡದಲ್ಲಿ ಗೌರವ ಕೂತಿರೋದು ಕ್ರಿಯಾಪದದ ತುದಿಯಲ್ಲಿ. ಬರ್ತೀಯ, ಬರ್ತೀರಿ. ಬಾ, ಬನ್ನಿ. ‘ನೀವು’ ಅಂತ ಬರೆಯದಿದ್ದರೂ ‘ಬರ್ತೀರಾ?’ ಅಂದರೆ ಸಾಕು, ಯಾರ ಹತ್ತಿರ ಮಾತಾಡುತ್ತಿದ್ದೇವೆ ಅಂತ ಗೊತ್ತಾಗಿಬಿಡುತ್ತದೆ. ಆದರೆ ಎಲ್ಲ ಕ್ರಿಯಾಪದಕ್ಕೂ ಈ ತುದಿ ಇಲ್ಲ. ಬರಲಿಲ್ಲ, ಬರಲ್ಲ, ಬೇಕು, ಸಾಕು, ಗೊತ್ತು, ಆಯ್ತು ಇವೆಲ್ಲ ತಮ್ಮನಿಗೂ ಒಂದೇ, ಅಜ್ಜನಿಗೂ ಒಂದೇ. ನಾನು ಬರಲಿಲ್ಲ, ನೀನು ಬರಲಿಲ್ಲ, ನೀವು ಬರಲಿಲ್ಲ, ಅವರು ಬರಲಿಲ್ಲ ಅಂತ ಹೇಳಿ ನೋಡಿ. ಕ್ರಿಯಾಪದ ಅಲುಗಾಡುವುದೇ ಇಲ್ಲ. ‘ಬರೋದು’, ‘ಬಂದದ್ದು’ ಕೂಡ ಹಾಗೇ.

ಎದುರೆದುರು ಮಾತಾಡುವಾಗ ಇದರಿಂದ ಏನೂ ಆಗುವುದಿಲ್ಲ. ದನಿ ಇರುತ್ತದೆ, ಮುಖ ಇರುತ್ತದೆ. ಮೂರು ಪದದ ಮೆಸೇಜಿನಲ್ಲಿ ಇವೆರಡೂ ಇಲ್ಲ, ಕ್ರಿಯಾಪದದ ತುದಿಯೂ ಇಲ್ಲ ಅಂದಮೇಲೆ ಗೌರವ ಎಲ್ಲಿ ನಿಲ್ಲಬೇಕು? ಅದಕ್ಕೇ ಗೆಳೆಯನಿಗೆ ಬರೆದ ಹಾಗೆ ಕಾಣುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ‘ಯಾವಾಗ ಬಂದದ್ದು?’, ‘ಎಲ್ಲಿಗೆ ಹೋಗೋದು?’ ಅಂತ ಕೇಳೋದು ಜಾಸ್ತಿ. ಎಷ್ಟೋ ಸಲ ಅದು ಬೇಕಂತಲೇ ಆಡುವ ಮಾತು. ಹೊಸದಾಗಿ ಭಾವ ಆದವನು ನಮ್ಮ ವಯಸ್ಸಿನವನೇ ಆಗಿದ್ದರೆ ನೀನು ಅನ್ನಬೇಕೋ ನೀವು ಅನ್ನಬೇಕೋ ಅಂತ ಗೊತ್ತಾಗುವವರೆಗೆ ಇದರಲ್ಲೇ ದಿನ ತಳ್ಳಬಹುದು. ಅಲ್ಲಿ ಇದು ಒಳ್ಳೇ ಉಪಾಯ. ಹಿರಿಯರ ಹತ್ತಿರ ಮಾತ್ರ ಇದೇ ಉಪಾಯ ಕೈಕೊಡುತ್ತದೆ, ಯಾಕೆಂದರೆ ಅವರು ಬಹುವಚನಕ್ಕೆ ಕಾಯುತ್ತಿರುತ್ತಾರೆ, ಅದು ಬರುವುದೇ ಇಲ್ಲ.

ಹಾಗಂತ ಈ ಪದಗಳನ್ನು ಬಿಡಬೇಕಾಗಿಲ್ಲ, ಬಿಡೋಕೂ ಆಗಲ್ಲ. ಅದೇ ಮೆಸೇಜಿನಲ್ಲಿ ತುದಿ ಇರುವ ಒಂದಾದರೂ ಕ್ರಿಯಾಪದ ಬರಲಿ. ಮಾವನಿಗೆ ನಾನು ಈಗ ಬರೆಯೋದಾದರೆ ಹೀಗೆ: “ಮಾವ, ನೀವು ಬರ್ತೀರಿ ಅಂತ ರಾತ್ರಿವರೆಗೂ ಕಾದ್ವಿ. ಬಸ್ ಸಿಗಲಿಲ್ವಾ? ನಾಳೆ ಬನ್ನಿ.” ಬಸ್ಸಿನ ಪ್ರಶ್ನೆ ಹಾಗೇ ಇದೆ ನೋಡಿ, ಒಂದಕ್ಷರ ಬದಲಾಗಿಲ್ಲ. ಆದರೆ ಅದಕ್ಕಿಂತ ಮೊದಲು ‘ಬರ್ತೀರಿ’ ಇದೆ, ಆಮೇಲೆ ‘ಬನ್ನಿ’ ಇದೆ, ಹಾಗಾಗಿ ಅದೂ ಮೆತ್ತಗಾಯಿತು. ‘ಯಾಕೆ’ಯನ್ನು ತೆಗೆದೇಬಿಟ್ಟೆ. ಹಿರಿಯರಿಗೆ ‘ಯಾಕೆ’ ಅಂತ ಶುರುಮಾಡಿದರೆ ಲೆಕ್ಕ ಕೇಳಿದ ಹಾಗಾಗುತ್ತದೆ.

ಇನ್ನೊಂದು ನೋಡಿ. ಬ್ಯಾಂಕಿನ ಕೆಲಸಕ್ಕೆ ತೋಟದ ಪಹಣಿ ಬೇಕು, ಅದು ದೊಡ್ಡಪ್ಪನ ಹತ್ತಿರ ಇದೆ ಅಂತ ಇಟ್ಟುಕೊಳ್ಳಿ. “ಊಟ ಆಯ್ತಾ? ಪಹಣಿ ಸಿಕ್ತಾ? ಇವತ್ತೇ ಬೇಕು. ಫೋಟೋ ಕಳಿಸಿ.” ಇದರಲ್ಲಿ ‘ಕಳಿಸಿ’ ಬಹುವಚನವೇ, ವ್ಯಾಕರಣ ಸರಿಯಾಗಿದೆ. ಆದರೂ ಓದಿದರೆ ಆಫೀಸಿನಲ್ಲಿ ಕೆಲಸ ಹೇಳಿದ ಹಾಗಿದೆ. ಮೊದಲ ಮೂರು ವಾಕ್ಯ ಬೋಳು, ಕೊನೆಯದು ಆಜ್ಞೆ. ಬಹುವಚನ ಹಾಕಿದ ಮಾತ್ರಕ್ಕೆ ಆಜ್ಞೆ ಕೋರಿಕೆ ಆಗಲ್ಲ ಅಲ್ವಾ. ನಾನಾದರೆ ಹೀಗೆ ಬರೆಯುತ್ತೇನೆ:

“ದೊಡ್ಡಪ್ಪ, ಊಟ ಆಯ್ತಾ? ಪಹಣಿ ಕೈಗೆ ಸಿಕ್ಕಿದ್ರೆ ಒಂದು ಫೋಟೋ ತೆಗೆದು ಕಳಿಸ್ತೀರಾ? ಸಂಜೆಯೊಳಗೆ ಬೇಕಾಗಿತ್ತು. ಸಿಗದಿದ್ರೆ ತಲೆಬಿಸಿ ಮಾಡ್ಕೋಬೇಡಿ.”

‘ಊಟ ಆಯ್ತಾ’ಗೆ ತುದಿ ಇಲ್ಲ, ಅದಕ್ಕೇ ಪಕ್ಕದಲ್ಲಿ ‘ದೊಡ್ಡಪ್ಪ’ ಬೇಕು. ‘ಕಳಿಸಿ’ ಹೋಗಿ ‘ಕಳಿಸ್ತೀರಾ?’ ಆಯಿತು, ಬಹುವಚನ ಉಳಿಯಿತು, ಆಜ್ಞೆ ಹೋಯಿತು. ‘ಬೇಕು’ ಅನ್ನೋದನ್ನು ‘ಬೇಕಾಗಿತ್ತು’ ಮಾಡಿದರೆ ಹಟ ಇಳಿಯುತ್ತದೆ, ಅಂಗಡಿಯಲ್ಲೂ ನಾವು ಹಾಗೇ ಕೇಳುತ್ತೇವೆ. ಇನ್ನು ‘ಬೇಡ’ದ ವಿಷಯ ಸ್ವಲ್ಪ ಗಮನವಿಟ್ಟು ನೋಡಿ. ‘ನನಗೆ ಬೇಡ’ ಅನ್ನುವಾಗ ಅದು ಬದಲಾಗುವುದಿಲ್ಲ, ಎದುರಿನವರನ್ನು ತಡೆಯುವಾಗ ಬದಲಾಗುತ್ತದೆ: ಮಾಡಬೇಡ, ಮಾಡಬೇಡಿ. ಅವಸರದಲ್ಲಿ ಟೈಪ್ ಮಾಡುವಾಗ ಆ ಒಂದು ಗುಡಿಸು ಬಿಟ್ಟುಹೋದರೆ ದೊಡ್ಡಪ್ಪನಿಗೆ ನೇರವಾಗಿ ಏಕವಚನ. ನಿಮಗೆ, ನಿಂಗೆ ಕೂಡ ಹೀಗೇ. ‘ಗೊತ್ತಾ?’ ಅನ್ನೋದಕ್ಕೆ ತುದಿ ಇಲ್ಲದ ಕಾರಣ ಗೌರವದ ಭಾರವೆಲ್ಲ ಅದರ ಹಿಂದಿನ ‘ನಿಮಗೆ’ ಮೇಲೆ ಬೀಳುತ್ತದೆ.

ಕಳಿಸುವ ಮುಂಚೆ ನಾನು ಮಾಡೋದು ಇಷ್ಟೇ. ಮೆಸೇಜನ್ನು ತಮ್ಮನಿಗೆ ಕಳಿಸುತ್ತಿದ್ದೇನೆ ಅಂತ ಅಂದುಕೊಂಡು ಒಂದು ಸಲ ಓದುತ್ತೇನೆ. ಎಲ್ಲೂ ತಡವರಿಸದೆ ಓದಿಸಿಕೊಂಡು ಹೋದರೆ ಅದರಲ್ಲಿ ಗೌರವ ಇಲ್ಲ ಅಂತ ಅರ್ಥ. ಎಲ್ಲಾದರೂ ‘ಇದು ಅವನಿಗೆ ಹೇಳೋ ಮಾತಲ್ಲ’ ಅನ್ನಿಸಿದರೆ ಸರಿಯಾಗಿದೆ.

ಗೆಳೆಯರಿಗೆ ಇದ್ಯಾವುದೂ ಬೇಕಾಗಿಲ್ಲ. ಅಲ್ಲಿ ‘ಯಾಕೆ ಬರಲಿಲ್ಲ ಮಾರಾಯ’ ಅಂದರೆ ಆಯಿತು, ಆ ‘ಮಾರಾಯ’ ಸಲಿಗೆಯನ್ನು ಹೇಳಿಬಿಡುತ್ತದೆ. ನಾಲ್ಕು ಜನ ಗೆಳೆಯರನ್ನು ಒಟ್ಟಿಗೆ ಕರೆಯುವಾಗ ಬಹುವಚನ ಬಂದೇ ಬರುತ್ತದೆ, ಅದು ಲೆಕ್ಕದ ಬಹುವಚನ, ಗೌರವದ್ದಲ್ಲ. ಅದಕ್ಕೇ ‘ಬನ್ರೋ’, ‘ಎಲ್ಲಿದ್ದೀರೋ’ ಅಂತ ಓಕಾರ ಸೇರಿಸುತ್ತೇವೆ. ಆ ಗ್ರೂಪಿನಲ್ಲಿ ಒಬ್ಬರು ಹಿರಿಯರಿದ್ದರೂ ಸಾಕು, ‘ಎಲ್ಲರೂ ಬನ್ನಿ’ ಅಂತಲೇ ಬರೆಯಿರಿ. ದಿನಾ ನೀನು ಅನ್ನುವ ಗೆಳೆಯನಿಗೆ ಒಂದು ದಿನ ಸುಮ್ನೆ ‘ಬನ್ನಿ’ ಅಂದರೆ ಸಿಟ್ಟು ಬಂದಿದೆಯಾ ಅಂತ ಕೇಳುತ್ತಾನೆ.

ಅಮ್ಮನ ವಿಷಯ ಬೇರೆ. ಮೊದಲಿಂದಲೂ ನೀನು ಅಂತಲೇ ಕರೆದಿದ್ದರೆ ಮೆಸೇಜಿನಲ್ಲೂ ‘ಮಾತ್ರೆ ತಗೊಂಡ್ಯಾ?’ ಅಂತಲೇ ಇರಲಿ. ನನ್ನ ಅಮ್ಮನಿಗೆ ಒಮ್ಮೆ ‘ತಗೊಂಡ್ರಾ?’ ಅಂತ ಹೋಗಿಬಿಟ್ಟಿತ್ತು, ಬೇರೆ ಯಾರಿಗೋ ಬರೆದದ್ದು ತನಗೆ ಬಂತು ಅಂದುಕೊಂಡು ಉತ್ತರವನ್ನೇ ಕೊಡಲಿಲ್ಲ.