ನಾನ್ ಹಂಚಿಗೆ ಅಂಟಲೇಬೇಕು

ಪ್ರಶ್ನೆ: ಹಂಚು ಬೋರಲು ಹಾಕಿ ಉರಿಗೆ ಹಿಡಿದ ಕೂಡಲೇ ನಾನ್ ಕಳಚಿ ಒಲೆ ಮೇಲೆ ಬೀಳ್ತದ. ಅಂಟಿದ್ರೂ ಗುಳ್ಳೆ ಬರಂಗಿಲ್ಲ, ಆರಿದ ಮ್ಯಾಲ ಚಪ್ಪಲಿ ಆಗ್ತದ. (ಸಿಂಧನೂರಿನ ಓದುಗರು)

ವಾರಕ್ಕೊಮ್ಮೆಯಾದರೂ ಈ ದೂರು ಬರುತ್ತದೆ. ಎಲ್ಲರೂ ಸೋಡಾದ ಮೇಲೇ ತಪ್ಪು ಹೊರಿಸುತ್ತಾರೆ, ಹಂಚನ್ನು ಯಾರೂ ನೋಡುವುದಿಲ್ಲ.

ಜೋಳದ ರೊಟ್ಟಿಗೆ ನೀರು ಸವರುವುದು ಮೇಲ್ಮೈಗೆ, ನಾನಿಗೆ ಹಂಚು ತಾಗುವ ಮೈಗೆ. ಆ ಮೈಗೆ ಒಣಹಿಟ್ಟು ಮೆತ್ತಿದ್ದರೆ, ಇಲ್ಲವೇ ಹಂಚಿಗೆ ಎಣ್ಣೆ ಸವರಿದ್ದರೆ ಅಂಟುವ ಮಾತೇ ಇಲ್ಲ. ಲಟ್ಟಿಸಿದ ಮೇಲೆ ಹಿಟ್ಟು ಕೊಡವಿ, ಅಂಗೈಯಲ್ಲಿ ನೀರು ತೆಗೆದುಕೊಂಡು ಅಂಚಿನವರೆಗೂ ಸವರಿ, ಹಂಚಿಗೆ ಹಾಕಿ ಅಂಚನ್ನು ಒತ್ತಿ. ರೊಟ್ಟಿಯ ಕಬ್ಬಿಣದ ಹಂಚೇ ಸಾಕು, ಆದರೆ ಹಿಡಿ ಗಟ್ಟಿಯಾಗಿರಬೇಕು. ನಾನ್‌ಸ್ಟಿಕ್ ಬೇಡವೇ ಬೇಡ: ಅದಕ್ಕೆ ನಾನ್ ಅಂಟುವುದಿಲ್ಲ, ಲೇಪವೂ ಉರಿಗೆ ಹಾಳಾಗುತ್ತದೆ.

ಇನ್ನು ಕಾವು. ಮಧ್ಯಮಕ್ಕಿಂತ ಜೋರು ಉರಿಯಲ್ಲಿ ಐದಾರು ನಿಮಿಷ ಕಾಯಿಸಿ. ಚಿಮುಕಿಸಿದ ಹನಿ ಚುಂಯ್ ಎಂದು ಕ್ಷಣದಲ್ಲಿ ಆರಬೇಕು. ನಾನ್ ಹಾಕಿದ ಅರ್ಧ ನಿಮಿಷದೊಳಗೆ ಮೇಲೆ ಗುಳ್ಳೆ ಏಳಬೇಕು. ಮೊದಲು ಕಡಲೆಕಾಳಿನಷ್ಟು, ಆಮೇಲೆ ಎರಡು ಮೂರು ಕೂಡಿ ದೊಡ್ಡವು. ಮೇಲ್ಮೈಯ ಹಸಿ ಹೊಳಪು ಹೋದಾಗ ಹಂಚು ಬೋರಲು ಮಾಡಿ, ಉರಿಯಿಂದ ಎರಡು ಮೂರು ಅಂಗುಲ ಮೇಲೆ ಹಿಡಿದು ತಿರುಗಿಸುತ್ತಾ ಇರಿ. ಗುಳ್ಳೆಯ ನೆತ್ತಿ ಕಂದಾಗಿ ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದರೆ, ತಗ್ಗು ಬಿಳಿಯಾಗಿಯೇ ಇದ್ದರೆ ಆಯಿತು. ಎಲ್ಲ ಕಡೆ ಒಂದೇ ಕಂದು ಬರಲೆಂದು ಕಾದರೆ ಒಳಗಿನ ತೇವ ಆರಿ ಚಪ್ಪಲಿಯಾಗುತ್ತದೆ. ಒಂದು ನಿಮಿಷವಾದರೂ ಗುಳ್ಳೆ ಇಲ್ಲವೆಂದರೆ ಹಂಚು ಕಾದಿಲ್ಲ. ಗುಳ್ಳೆಗೂ ಮೊದಲೇ ತಳ ಸೀದ ವಾಸನೆ ಬಂದರೆ ಕಾವು ಮಿತಿಮೀರಿದೆ.

ಅಳತೆ ಹೀಗಿರಲಿ: ಮೈದಾ 250 ಗ್ರಾಂ, ಮೊಸರು ಕಾಲು ಕಪ್, ಅಡುಗೆ ಸೋಡಾ ಕಾಲು ಚಮಚ, ಉಪ್ಪು ಮುಕ್ಕಾಲು ಚಮಚ, ಸಕ್ಕರೆ ಒಂದು ಚಮಚ, ಎಣ್ಣೆ ಒಂದು ದೊಡ್ಡ ಚಮಚ. ಬೇಕಾದಷ್ಟು ನೀರು ಹಾಕಿ ಕಲಸಿದ ಹಿಟ್ಟು ಚಪಾತಿಯದಕ್ಕಿಂತ ಮೆತ್ತಗೆ, ಕೈಗೆ ತುಸು ಜಿಗುಟಾಗಿರಬೇಕು. ಆರು ಉಂಡೆ ಆಗುತ್ತವೆ. ಮೂರ್ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ. ಅದಕ್ಕಿಂತ ತೆಳುವಾದರೆ ಗಟ್ಟಿ ಹಪ್ಪಳ. ನೆನೆಸಲು ಎರಡು ತಾಸು ಎಂದು ವಿಡಿಯೊಗಳಲ್ಲಿ ಹೇಳುವುದು ನಮ್ಮ ರಾಯಚೂರು, ಬಳ್ಳಾರಿಯ ಏಪ್ರಿಲ್ ಬಿಸಿಲಿಗಲ್ಲ. ಇಲ್ಲಿ ಒಂದು ತಾಸು ಸಾಕು. ಹಿಟ್ಟು ಹುಳಿ ವಾಸನೆ ಬಂದು, ಎಳೆದರೆ ಹಿಗ್ಗದೆ ಹರಿದರೆ ಹೊತ್ತು ಮೀರಿದೆ.

ಪ್ರಶ್ನೆ: ಸೋಡಾ ಜಾಸ್ತಿ ಹಾಕಿದ್ರ ಇನ್ನೂ ಮೆತ್ತಗ ಆಗ್ತದೇನ್ರಿ?

ಇಲ್ಲ, ಸಾಬೂನಿನ ರುಚಿ ಬರುತ್ತದೆ.

ಪ್ರಶ್ನೆ: ಓವನ್‌ನಲ್ಲಿ ಕುಲ್ಚಾ ಬೆಳ್ಳಗೇ ಒಣಗಿ ಹೋಗುತ್ತದೆ.

180 ಡಿಗ್ರಿ ಕೇಕಿಗೆ. ಕುಲ್ಚಾಕ್ಕೆ 250 ಡಿಗ್ರಿ ಇಟ್ಟು, ಕಬ್ಬಿಣದ ಹಂಚನ್ನು ಒಳಗಿಟ್ಟೇ ಅರ್ಧ ತಾಸು ಕಾಯಿಸಿ, ಅದರ ಮೇಲೆ ಹಾಕಿ. ಮೇಲಿನ ಕಾಯಿಲ್ ಉರಿಯುತ್ತಿರಲಿ. ಮೂರರಿಂದ ಐದು ನಿಮಿಷದಲ್ಲಿ ಚುಕ್ಕೆ ಕಾಣದಿದ್ದರೆ ಹಂಚನ್ನು ಒಂದು ಮೆಟ್ಟಿಲು ಮೇಲಕ್ಕೇರಿಸಿ. ಹೊತ್ತು ಮಾತ್ರ ಹೆಚ್ಚಿಸಬೇಡಿ.

ಪ್ರಶ್ನೆ: ಮೈದಾ ಕರುಳಿಗೆ ಅಂಟಿಕೊಂಡು ವರ್ಷಗಟ್ಟಲೆ ಇರ್ತದಂತ?

ಅಂಟುವುದು ಹಂಚಿಗೆ. ಇದನ್ನು ಹೇಳಿ ಚೂರ್ಣ ಮಾರುವವರಿಗೆ ದುಡ್ಡು ಕೊಡಬೇಡಿ.