ಮೆಣಸಿನ ಗಿಡಕ್ಕೆ ಬೇವಿನೆಣ್ಣೆ ಹೊಡೆದರೂ ಹೇನು, ಬಿಳಿ ನೊಣ ಹೋಗುತ್ತಿಲ್ಲ, ಯಾಕೆ?

ಪ್ರಶ್ನೆ: ಚಿತ್ರದುರ್ಗದ ಹತ್ತಿರ ಕಾಲು ಎಕರೆ ಮೆಣಸಿನಕಾಯಿ ಹಾಕಿದ್ದೇನೆ. ಬೇವಿನೆಣ್ಣೆ, ಸೋಪು ಎರಡು ಸಲ ಹೊಡೆದೆ. ಹೇನು ಹಾಗೇ ಇದೆ, ಎಲೆಯೂ ಸುಟ್ಟಿದೆ. ಏನು ತಪ್ಪು?

ಬಹುಶಃ ತಪ್ಪು ನಿಮ್ಮ ಬೋರ್ ನೀರಿನದು. ನಮ್ಮ ಕಡೆಯ ಗಡಸು ನೀರಿಗೆ ಸೋಪು ಹಾಕಿದರೆ ನೊರೆ ಬರುವ ಬದಲು ಒಡೆದ ಹಾಲಿನಂತೆ ಬಿಳಿ ಚೂರು ತೇಲುತ್ತವೆ. ಆಗ ಎಣ್ಣೆ ನೀರಿನಲ್ಲಿ ಬೆರೆಯದೆ ಮೇಲೆ ನಿಲ್ಲುತ್ತದೆ. ಪಂಪಿನಲ್ಲಿ ಕೆಲವು ಗಿಡಕ್ಕೆ ಬರೀ ನೀರು, ಕೆಲವಕ್ಕೆ ಬರೀ ಎಣ್ಣೆ ಬೀಳುತ್ತದೆ. ಎಲೆ ಸುಡುವುದು ಅಲ್ಲೇ.

ಮಳೆ ನೀರು ಹಿಡಿದಿಟ್ಟಿದ್ದರೆ ಅದನ್ನೇ ಬಳಸಿ. 15 ಲೀಟರ್ ಪಂಪಿಗೆ 75 ಮಿ.ಲೀ. ಬೇವಿನೆಣ್ಣೆ, 15 ರಿಂದ 20 ಗ್ರಾಂ ಸಾದಾ ಬಾರ್ ಸೋಪು ಸಾಕು. ಸೋಪನ್ನು ತುರಿದು ಒಂದು ಚೊಂಬು ಬಿಸಿ ನೀರಿನಲ್ಲಿ ಕರಗಿಸಿ, ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತಾ ಜೋರಾಗಿ ಕದಡಿ. ಹಾಲಿನ ಬಣ್ಣಕ್ಕೆ ಬಂದ ಮೇಲೆ ಉಳಿದ ನೀರು ಸೇರಿಸಿ. ಗಾಜಿನ ಲೋಟದಲ್ಲಿ ಸ್ವಲ್ಪ ತೆಗೆದು ಹತ್ತು ನಿಮಿಷ ಇಡಿ. ಮೇಲೆ ಎಣ್ಣೆಯ ಪದರ ಕಂಡರೆ ಹೊಡೆಯಬೇಡಿ. ಮೊದಲು ಎರಡು ಗಿಡಕ್ಕೆ ಹೊಡೆದು ಒಂದು ದಿನ ನೋಡುವುದು ಒಳ್ಳೆಯದು.

ಸಂಜೆ, ನಾಜಲ್ ಮೇಲ್ಮುಖ ಮಾಡಿ ಎಲೆಯ ಅಡಿಗೆ ಹೊಡೆಯಿರಿ. ಸೋಪು ಮೈಗೆ ತಗುಲಿದ ಹುಳಕ್ಕಷ್ಟೇ ಕೆಲಸ ಮಾಡುತ್ತದೆ. ಬಿಳಿ ನೊಣದ ಮೊಟ್ಟೆ ಉಳಿಯುತ್ತದೆ, ಹಾಗಾಗಿ ಆರೇಳು ದಿನಕ್ಕೊಮ್ಮೆ ಮೂರು ಸಲ ಬೇಕು.

ಎಲೆ ಮುದುಡಿ, ಗಿಡ ಗಿಡ್ಡಾಗಿ ನಿಂತಿದ್ದರೆ ಅದು ಬಿಳಿ ನೊಣ ತಂದ ಮುರುಟು ರೋಗವಿರಬಹುದು. ಅದಕ್ಕೆ ಬೇವು ಮದ್ದಲ್ಲ, ಅಂಥ ಗಿಡ ಕಿತ್ತು ಸುಡಿ.